ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ

ಭಿನ್ನರಾಶಿಯ ಪಾಠದ ನಡುವೆ ವಿದ್ಯಾರ್ಥಿನಿಯೊಬ್ಬಳು 1/2 + 1/3 = 2/5 ಎಂದು ಬರೆಯುತ್ತಾಳೆ. ಅಂಶಕ್ಕೆ ಅಂಶವನ್ನು, ಛೇದಕ್ಕೆ ಛೇದವನ್ನು ಕೂಡಿಸಿದ್ದಾಳೆ. ಶಿಕ್ಷಕಿ ತಪ್ಪು ಗುರುತು ಹಾಕುವ ಬದಲು, "2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?" ಎಂದು ಕೇಳುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆಯಾದದ್ದು ಹುಡುಗಿಗೆ ತಾನಾಗಿಯೇ ಹೊಳೆಯುತ್ತದೆ. ಮರುದಿನದ ಪಾಠವನ್ನು ಶಿಕ್ಷಕಿ ಸಮಛೇದದಿಂದಲೇ ಆರಂಭಿಸುತ್ತಾರೆ. ರೂಪಣಾತ್ಮಕ ಮೌಲ್ಯಮಾಪನವೆಂದರೆ ಇದೇ: ಕಲಿಕೆ ನಡೆಯುತ್ತಿರುವಾಗಲೇ ಸಿಕ್ಕ ಸುಳಿವು ಕಲಿಕೆಯನ್ನೂ ಬೋಧನೆಯನ್ನೂ ತಿದ್ದುತ್ತದೆ.

ಸಂಕಲನಾತ್ಮಕ ಮೌಲ್ಯಮಾಪನ ಘಟಕ ಅಥವಾ ವರ್ಷದ ಕೊನೆಯಲ್ಲಿ ನಡೆದು, ಕಲಿತದ್ದೆಷ್ಟು ಎಂಬುದನ್ನು ಅಂಕ ಅಥವಾ ಶ್ರೇಣಿಯಲ್ಲಿ ದಾಖಲಿಸುತ್ತದೆ. ವಾರ್ಷಿಕ ಪರೀಕ್ಷೆ ಇದರ ಪರಿಚಿತ ರೂಪ.

ಈ ಎರಡು ಪದಗಳ ವ್ಯತ್ಯಾಸವನ್ನು 1967ರಲ್ಲಿ ತತ್ವಶಾಸ್ತ್ರಜ್ಞ ಮೈಕೆಲ್ ಸ್ಕ್ರಿವೆನ್ ಪಠ್ಯಕ್ರಮದ ಮೌಲ್ಯಮಾಪನಕ್ಕಾಗಿ ಮುಂದಿಟ್ಟರು. ಶೈಕ್ಷಣಿಕ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ ಅದನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು.

ಕಿರುಪರೀಕ್ಷೆಗಳೆಲ್ಲ ರೂಪಣಾತ್ಮಕ, ದೊಡ್ಡ ಪರೀಕ್ಷೆಗಳೆಲ್ಲ ಸಂಕಲನಾತ್ಮಕ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಸರಿಯಲ್ಲ. ಭೇದವಿರುವುದು ಫಲಿತಾಂಶದ ಬಳಕೆಯಲ್ಲಿ. ವಾರಕ್ಕೊಂದು ಕಿರುಪರೀಕ್ಷೆ ನಡೆಸಿ, ಅಂಕಗಳನ್ನು ವಹಿಯಲ್ಲಿ ಬರೆದಿಟ್ಟು ಮುಂದಿನ ಪಾಠಕ್ಕೆ ಹೋದರೆ ಅದು ಚಿಕ್ಕ ಗಾತ್ರದ ಸಂಕಲನಾತ್ಮಕ ಪರೀಕ್ಷೆಯಷ್ಟೇ. ಅದೇ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮರುಕಳಿಸಿದ ತಪ್ಪುಗಳನ್ನು ಗುರುತಿಸಿ ಪರಿಹಾರ ಬೋಧನೆ ಯೋಜಿಸಿದರೆ, ಆ ಪರೀಕ್ಷೆಯೂ ರೂಪಣಾತ್ಮಕ ಕೆಲಸ ಮಾಡುತ್ತದೆ. ಹಿಮ್ಮಾಹಿತಿಯ ಗುಣವೂ ಇಲ್ಲಿ ನಿರ್ಣಾಯಕ. "ಚೆನ್ನಾಗಿದೆ" ಎಂಬ ಷರಾದಿಂದ ಮಗುವಿಗೆ ಮುಂದಿನ ಹೆಜ್ಜೆ ತಿಳಿಯುವುದಿಲ್ಲ. "ಛೇದಗಳನ್ನು ಮೊದಲು ಸಮ ಮಾಡಿ ನೋಡು" ಎಂಬುದರಿಂದ ತಿಳಿಯುತ್ತದೆ.