ಬೇಡಿಕೆಯ ಸ್ಥಿತಿಸ್ಥಾಪಕತ್ವ: ನಾಳೆ ಬೆಳಿಗ್ಗೆಗೆ ಇಷ್ಟು ಸಾಕು

ಮೇಡಂ ಕೊಟ್ಟ ನೋಟ್ಸ್ ಹದಿನಾಲ್ಕು ಪುಟ ಇದೆ ಅಂತ ಹಾಸ್ಟೆಲ್‌ನಲ್ಲಿ ಎಲ್ಲರ ಮುಖ ಬಾಡಿದೆ. ಅದರಲ್ಲಿ ಏಳು ಪುಟ ವ್ಯಾಖ್ಯೆಗಳೇ. ಒಂದು ನೆನಪಿಟ್ಟುಕೊಳ್ಳಿ, ಸಾಕು: ಬೆಲೆ ಶೇಕಡಾ ಎಷ್ಟು ಬದಲಾಯಿತು, ಅದಕ್ಕೆ ಬೇಡಿಕೆ ಶೇಕಡಾ ಎಷ್ಟು ಬದಲಾಯಿತು. ಬೇಡಿಕೆಯ ಶೇಕಡಾವನ್ನು ಬೆಲೆಯ ಶೇಕಡಾದಿಂದ ಭಾಗಿಸಿದರೆ ಬರುವುದೇ ಬೆಲೆ ಸ್ಥಿತಿಸ್ಥಾಪಕತ್ವ. ಈ ವಿಚಾರವನ್ನು ಬೆಳೆಸಿದವರು ಆಲ್ಫ್ರೆಡ್ ಮಾರ್ಷಲ್, ಪುಸ್ತಕ ಬಂದದ್ದು 1890ರಲ್ಲಿ. ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದು ಮುಂದೆ ಹೋಗಿ.

ಈಗ ನಮ್ಮ ಆಲೂಗಡ್ಡೆಗೆ ಬರೋಣ. ಹಾಸನದವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಕೆ.ಜಿ.ಗೆ 20 ರೂಪಾಯಿ ಇದ್ದಾಗ ಒಂದು ಅಂಗಡಿಯಲ್ಲಿ ದಿನಕ್ಕೆ 100 ಕೆ.ಜಿ. ಹೋಗುತ್ತಿತ್ತು ಅಂದುಕೊಳ್ಳಿ. ಬೆಲೆ 16ಕ್ಕೆ ಇಳಿಯಿತು, 110 ಕೆ.ಜಿ. ಹೋಯಿತು.

```
Ed = (ΔQ / Q) × (P / ΔP)
   = (10 / 100) × (20 / 4)
   = 0.5
```

ಉತ್ತರ 1ಕ್ಕಿಂತ ಕಡಿಮೆ, ಅಂದರೆ ಬೇಡಿಕೆ ಅಷ್ಟಾಗಿ ಜಗ್ಗುವುದಿಲ್ಲ. ಬೆಲೆ ಇಳಿಯಿತು ಅಂತ ಯಾರೂ ಮೂರು ಹೊತ್ತೂ ಆಲೂ ಪಲ್ಯ ತಿನ್ನುವುದಿಲ್ಲ ಅಲ್ವಾ? ಬೆಲೆ ಇಳಿದರೆ ಬೇಡಿಕೆ ಏರುವುದರಿಂದ ಲೆಕ್ಕಕ್ಕೆ ಮೈನಸ್ ಚಿಹ್ನೆ ಬರುತ್ತದೆ. ಅದನ್ನು ಬಿಟ್ಟು ಅಂಕಿ ಮಾತ್ರ ನೋಡುವುದು ವಾಡಿಕೆ. 'ಚಿಹ್ನೆಯನ್ನು ಪರಿಗಣಿಸಿಲ್ಲ' ಅಂತ ಒಂದು ಸಾಲು ಬರೆದುಬಿಡಿ.

ಒಟ್ಟು ವೆಚ್ಚದ ವಿಧಾನವೂ ಇಲ್ಲೇ ಸಿಗುತ್ತದೆ. ಮೊದಲು 20 × 100, ಅಂದರೆ 2000 ರೂಪಾಯಿ. ಆಮೇಲೆ 16 × 110, ಅಂದರೆ 1760. ಮಾಲು ಜಾಸ್ತಿ ಹೋಯಿತು, ದುಡ್ಡು ಕಡಿಮೆ ಬಂತು! ನಮ್ಮಪ್ಪ ಒಂದು ವರ್ಷ ಒಳ್ಳೆ ಫಸಲು ತೆಗೆದು, ಮಾರಿ ಬಂದ ಮೇಲೆ ಚೀಟಿ ನೋಡುತ್ತಾ ಸುಮ್ನೆ ಜಗುಲಿಯ ಮೇಲೆ ಕೂತಿದ್ದರು. ಎಲ್ಲರ ಹೊಲದಲ್ಲೂ ಫಸಲು ಬಂದಿತ್ತು. ಬೆಲೆ ಬಿದ್ದಷ್ಟು ಬೇಡಿಕೆ ಏರಲಿಲ್ಲ. ಆಗ ನನಗೆ ಈ ಪಾಠ ಗೊತ್ತಿರಲಿಲ್ಲ. 'ಸ್ಥಿತಿಸ್ಥಾಪಕತ್ವದ ಮಹತ್ವ ವಿವರಿಸಿ' ಅಂತ ಹತ್ತು ಅಂಕಕ್ಕೆ ಬಂದರೆ ಇದನ್ನೇ ಮೊದಲು ಬರೆಯಿರಿ.

ಇದರ ಉಲ್ಟಾ ಗೋಬಿ ಗಾಡಿ. ಪ್ಲೇಟಿಗೆ 40 ಇದ್ದದ್ದು 36 ಆಯಿತು, 50 ಪ್ಲೇಟ್ ಹೋಗುತ್ತಿದ್ದದ್ದು 60 ಆಯಿತು. ಬೆಲೆ ಶೇ. 10 ಇಳಿಯಿತು, ಬೇಡಿಕೆ ಶೇ. 20 ಏರಿತು, ಉತ್ತರ 2. ಗಲ್ಲಾ 2000ದಿಂದ 2160ಕ್ಕೆ ಹೋಯಿತು. ಪಕ್ಕದಲ್ಲೇ ಪಾನಿಪುರಿ, ಮಸಾಲೆಪುರಿ ಇರುವುದರಿಂದ ಗಿರಾಕಿ ಸುಲಭವಾಗಿ ಈಕಡೆ ಆಕಡೆ ಹೋಗುತ್ತಾನೆ. ನೋಟ್ಸಿನಲ್ಲಿ 'ಬದಲಿ ಸರಕುಗಳ ಲಭ್ಯತೆ' ಅಂತ ಇರುವುದು ಇದೇ. ಉಪ್ಪಿನ ಬೆಲೆ ಎರಡು ರೂಪಾಯಿ ಏರಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಖರ್ಚಿನಲ್ಲಿ ಅದರ ಪಾಲು ಅಷ್ಟು ಚಿಕ್ಕದು.

ಒಂದು ಕಡೆ ಹುಷಾರು. ಮೇಲಿನ ಆಲೂಗಡ್ಡೆ ಲೆಕ್ಕವನ್ನೇ ತಿರುಗಿಸಿ, ಬೆಲೆ 16ರಿಂದ 20ಕ್ಕೆ ಏರಿತು ಅಂತ ಮಾಡಿ ನೋಡಿ. 0.5 ಬರುವುದಿಲ್ಲ, ಸುಮಾರು 0.36 ಬರುತ್ತದೆ. ನಿಮ್ಮ ತಪ್ಪಲ್ಲ, ಆರಂಭದ ಅಂಕಿ ಬದಲಾಗಿದೆ. ಅದಕ್ಕೇ ಸರಾಸರಿ ಬಳಸುವ ಕಮಾನು ವಿಧಾನ ಇರುವುದು. ಸರಾಸರಿ ಬೆಲೆ 18, ಸರಾಸರಿ ಪ್ರಮಾಣ 105. ಯಾವ ಕಡೆಯಿಂದ ಮಾಡಿದರೂ ಸುಮಾರು 0.43.

ಇಳಿಜಾರು ಬೇರೆ, ಸ್ಥಿತಿಸ್ಥಾಪಕತ್ವ ಬೇರೆ. ಹೋದ ವರ್ಷ ನಾನೇ ಇಲ್ಲಿ ಅಂಕ ಕಳೆದುಕೊಂಡೆ. ನೇರ ಬೇಡಿಕೆ ರೇಖೆಯಲ್ಲಿ ಇಳಿಜಾರು ಎಲ್ಲೆಡೆ ಒಂದೇ. ಆದರೆ ನಡುಬಿಂದುವಿನಲ್ಲಿ ಸ್ಥಿತಿಸ್ಥಾಪಕತ್ವ 1, ಅದರ ಮೇಲೆ 1ಕ್ಕಿಂತ ಜಾಸ್ತಿ, ಕೆಳಗೆ ಕಡಿಮೆ.

ಉಳಿದದ್ದು ಬೇಗ ಮುಗಿಯುತ್ತದೆ. ಕಾಫಿ ತುಟ್ಟಿಯಾಗಿ ಟೀ ಜಾಸ್ತಿ ಹೋದರೆ ಅಡ್ಡ ಸ್ಥಿತಿಸ್ಥಾಪಕತ್ವ ಪ್ಲಸ್. ಪೆಟ್ರೋಲ್ ತುಟ್ಟಿಯಾಗಿ ಸ್ಕೂಟರ್ ಮಾರಾಟ ಇಳಿದರೆ ಮೈನಸ್. ಆದಾಯ ಏರಿದಾಗ ಬೇಡಿಕೆ ಇಳಿಯುವ ಸರಕಿನ ಆದಾಯ ಸ್ಥಿತಿಸ್ಥಾಪಕತ್ವವೂ ಮೈನಸ್ಸೇ.

ಚಿತ್ರಕ್ಕೆ ಪೆನ್ಸಿಲ್ ಬಳಸಿ. ಬೆಲೆ ನಿಲುವು ಅಕ್ಷದಲ್ಲಿ, ಪ್ರಮಾಣ ಅಡ್ಡ ಅಕ್ಷದಲ್ಲಿ. ನೆಟ್ಟಗೆ ನಿಂತ ರೇಖೆ ಸೊನ್ನೆ, ಅಡ್ಡ ಮಲಗಿದ ರೇಖೆ ಅನಂತ. ರಾತ್ರಿ ಹತ್ತರವರೆಗೂ ಎಚ್ಚರ ಇರುತ್ತೇನೆ, ಕಮಾನು ಲೆಕ್ಕ ಸಿಕ್ಕಿಹಾಕಿಕೊಂಡರೆ ನನ್ನ ರೂಮಿಗೆ ಬನ್ನಿ. ಬರುವಾಗ ಕ್ಯಾಲ್ಕುಲೇಟರ್ ತನ್ನಿ, ನನ್ನದು ಯಾರೋ ಒಯ್ದಿದ್ದಾರೆ.