ತೋಳಿನಿಂದ ತೋಳಿಗೆ: ಸಮುದ್ರ ದಾಟಿದ ಲಸಿಕೆ

ನಾಲ್ಕು ನಿಮಿಷದ ಗ್ಯಾಲರಿ ಪ್ರದರ್ಶನ. ರೆಕಾರ್ಡಿಂಗ್ ಮತ್ತು ಎಡಿಟಿಂಗ್‌ಗೆ ಕೊಡುವ ಸ್ಕ್ರಿಪ್ಟ್.

ಶುರು ಮಾಡುವ ಮೊದಲು ಎಲ್ಲರಿಗೂ ಒಂದು ಮಾತು. ಈ ಕೋಣೆಗೆ ಆರು ವರ್ಷದ ಮಗು, ಅದರ ಅಪ್ಪ-ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೇ ಬರುತ್ತಾರೆ, ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಹೊರಗೆ ಹೋಗುವಾಗ ಅವರಿಗೆ ಒಂದು ವಿಷಯ ನೆನಪಿದ್ದರೆ ಸಾಕು: ಫ್ರಿಜ್ ಇಲ್ಲದ ಕಾಲದಲ್ಲಿ ಸಿಡುಬಿನ ಲಸಿಕೆ ಸಮುದ್ರ ದಾಟಿದ್ದು ಮಕ್ಕಳ ತೋಳಿನಲ್ಲಿ. ಉಳಿದದ್ದೆಲ್ಲ ಅದರ ಸುತ್ತ ಬರಬೇಕು. ಹಾಗಾಗಿ ರಾಜನ ಆಸ್ಥಾನ, ವೈದ್ಯರ ಜಗಳ, ದಕ್ಷಿಣ ಅಮೆರಿಕದ ಕಡೆ ಹೋದ ಇನ್ನೊಂದು ತಂಡದ ಕಥೆ ಇವನ್ನೆಲ್ಲ ತೆಗೆದಿದ್ದೇನೆ. ತೆಗೆಯಲು ಮನಸ್ಸಿರಲಿಲ್ಲ, ಅವು ಹೊರಗಿನ ಫಲಕಕ್ಕೆ ಹೋಗಲಿ.

ನಿರೂಪಣೆಗೆ ಒಂದೇ ದನಿ, ನಡುವಯಸ್ಸಿನ ಹೆಂಗಸಿನದು. ಪಕ್ಕದಲ್ಲಿ ಕೂತು ಹೇಳಿದ ಹಾಗಿರಬೇಕು. ಹೇಳಿದ್ದೆಲ್ಲ ಪರದೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರಲಿ, ಕಿವಿ ಕೇಳದವರಿಗೂ ಬೇಕು, ಶಾಲೆ ಮಕ್ಕಳು ತುಂಬಿ ಗಲಾಟೆ ಇರುವ ದಿನಕ್ಕೂ ಬೇಕು.

0:00 – 0:25

ಪರದೆ: ಕತ್ತಲೆ. ನಿಧಾನವಾಗಿ ಒಂದು ವಯಸ್ಸಾದ ತೋಳು ಕಾಣುತ್ತದೆ, ಚರ್ಮದ ಸುಕ್ಕು ಕಾಣುವಷ್ಟು ಹತ್ತಿರದಿಂದ. ಮೇಲ್ಭಾಗದಲ್ಲಿ ನಾಣ್ಯದಷ್ಟು ಅಗಲದ ಹಳೇ ಕಲೆ. ಒಂದು ಪುಟ್ಟ ಬೆರಳು ಬಂದು ಅದನ್ನು ಮುಟ್ಟುತ್ತದೆ.

ನಿರೂಪಣೆ: ನಿಮ್ಮ ಜೊತೆ ಅಜ್ಜ ಅಥವಾ ಅಜ್ಜಿ ಬಂದಿದ್ದಾರಾ? ಅವರ ತೋಳಿನಲ್ಲಿ ಇಂಥದ್ದೊಂದು ಕಲೆ ಇದ್ದರೂ ಇರಬಹುದು. ಇದು ಸಿಡುಬಿನ ಲಸಿಕೆಯ ಕಲೆ. ಅವರು ಅದನ್ನು ಮೈಲಿ ಹಾಕಿಸಿಕೊಂಡದ್ದು ಅನ್ನಬಹುದು. ನಿಮ್ಮ ತೋಳಿನಲ್ಲಿ ಅದಿಲ್ಲ. ಯಾಕೆ ಗೊತ್ತಾ?

(ಇಲ್ಲಿ ಮೂರು ಸೆಕೆಂಡ್ ಬಿಡಿ. ಮಕ್ಕಳು ತಿರುಗಿ ಅಜ್ಜಿಯ ತೋಳು ನೋಡೇ ನೋಡುತ್ತಾರೆ, ಆ ಹೊತ್ತಿನಲ್ಲಿ ಮಾತು ಬೇಡ. ಗ್ಯಾಲರಿಯಲ್ಲಿ ನಿಲ್ಲುವವರಿಗೆ ಒಂದು ಸೂಚನೆ: ಅಪ್ಪ-ಅಮ್ಮನ ವಯಸ್ಸಿನವರು ತಮ್ಮ ತೋಳಿನ ಕಲೆ ತೋರಿಸುತ್ತಾರೆ, ಅದು ಹೆಚ್ಚಾಗಿ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯದ್ದು. ನಗುತ್ತಲೇ ಹೇಳಿ.)

0:25 – 0:55

ಪರದೆ: ಕಪ್ಪು ಶಾಯಿಯ ಗೆರೆ ಚಿತ್ರ. ಒಂದು ಬೀದಿ, ಸಾಲು ಮನೆಗಳು. ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ಹತ್ತು ಕಿಟಕಿಗಳಲ್ಲಿ ಮೂರು ಕಪ್ಪಾಗುತ್ತವೆ. ರೋಗಿಗಳ ಫೋಟೊ ಖಂಡಿತ ಬೇಡ, ಚಿಕ್ಕ ಮಕ್ಕಳಿಗೆ ರಾತ್ರಿ ನಿದ್ದೆ ಬರುವುದಿಲ್ಲ, ದೊಡ್ಡವರಿಗೆ ಕಿಟಕಿಯೇ ಸಾಕು.

ನಿರೂಪಣೆ: ಸಿಡುಬು ಬಂದರೆ ಮೈತುಂಬ ಗುಳ್ಳೆ ಏಳುತ್ತಿತ್ತು. ಹತ್ತು ಜನಕ್ಕೆ ಬಂದರೆ ಸುಮಾರು ಮೂರು ಜನ ಸಾಯುತ್ತಿದ್ದರು. ಬದುಕಿದವರ ಮುಖದ ಮೇಲೆ ಕಲೆ ಉಳಿಯುತ್ತಿತ್ತು, ಕೆಲವರ ಕಣ್ಣೇ ಹೋಗುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ದಾರಿ ಕಂಡರು. ಹಸುವಿಗೆ ಬರುವ ಸಿಡುಬು ಮನುಷ್ಯರಿಗೆ ಅಷ್ಟೇನೂ ಅಪಾಯ ಮಾಡುವುದಿಲ್ಲ. ಅದರ ಗುಳ್ಳೆಯ ನೀರನ್ನು ತೋಳಿಗೆ ತಾಗಿಸಿದರೆ ದೊಡ್ಡ ಸಿಡುಬು ಹತ್ತಿರ ಬರುವುದಿಲ್ಲ!

0:55 – 1:25

ಪರದೆ: ಮೇಜಿನ ಮೇಲೆ ಎರಡು ಗಾಜಿನ ಚೂರು. ನಡುವೆ ಒಂದು ಹನಿ. ಅಂಚಿಗೆ ಮೇಣ ಹಾಕಿ ಮುಚ್ಚುತ್ತಾರೆ. ಹಿಂದೆ ಸಮುದ್ರ, ಬಿಸಿಲು, ಮೇಲೆ ಕೆಳಗೆ ತೂಗುವ ಹಡಗು. ಹನಿ ಒಣಗಿ ಪುಡಿಯಾಗುತ್ತದೆ. ಇದನ್ನು ತುಂಬ ಹತ್ತಿರದಿಂದ ತೋರಿಸಿ, ಅವಸರ ಬೇಡ.

ಶಬ್ದ: ಮರದ ಹಡಗಿನ ಕಿರ್ ಕಿರ್ ಸದ್ದು ಇಲ್ಲಿಂದಲೇ ಶುರು.

ನಿರೂಪಣೆ: ಆದರೆ ಸಮುದ್ರದ ಆಚೆ ಇರುವವರಿಗೆ ಇದನ್ನು ಮುಟ್ಟಿಸುವುದು ಹೇಗೆ? ಆಗ ಫ್ರಿಜ್ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಗಾಜಿನ ನಡುವೆ ಇಟ್ಟು ಕಳಿಸಿದರೆ ವಾರಗಟ್ಟಲೆ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಕೆಡದೆ ಉಳಿಯುವ ಜಾಗ ಒಂದೇ ಇತ್ತು. ಬದುಕಿರುವ ಮನುಷ್ಯನ ಮೈ.

1:25 – 2:25

ಇದು ಪ್ರದರ್ಶನದ ಹೃದಯ, ಹಾಗಾಗಿ ಪೂರ್ತಿ ಒಂದು ನಿಮಿಷ.

ಪರದೆ: ಒಂದು ಮಗುವಿನ ಸಾಮಾನು ನೆಲದ ಮೇಲೆ ಒಂದೊಂದಾಗಿ ಬಂದು ಕೂರುತ್ತದೆ. ಆರು ಅಂಗಿ. ಎರಡು ಜೊತೆ ಶೂ. ಒಂದು ಟೋಪಿ. ಒಂದು ಬಾಚಣಿಗೆ. ಬಾಚಣಿಗೆ ಮೇಲೆ ಎರಡು ಸೆಕೆಂಡ್ ನಿಲ್ಲಿ. ಆಮೇಲೆ ಬಂದರು, ಹಡಗು ಹತ್ತುವ ಹುಡುಗರ ಬೆನ್ನು ಮಾತ್ರ. ಮುಖ ಬರೆಯಬೇಡಿ. ನಾವು ಊಹಿಸಿದ ಮುಖ ಕೊಟ್ಟರೆ ನೋಡಿದವರಿಗೆ ಅದೇ ನಿಜ ಅನಿಸಿಬಿಡುತ್ತದೆ.

ನಿರೂಪಣೆ: 1803ರ ನವೆಂಬರ್ 30. ಸ್ಪೇನಿನ ಕೊರುನ್ಯಾ ಬಂದರಿನಿಂದ ಮರಿಯಾ ಪಿಟಾ ಅನ್ನುವ ಹಡಗು ಹೊರಟಿತು. ರಾಜನೇ ಖರ್ಚು ಕೊಟ್ಟಿದ್ದ. ಮುಖ್ಯಸ್ಥರು ಫ್ರಾನ್ಸಿಸ್ಕೊ ಬಾಲ್ಮಿಸ್ ಅನ್ನುವ ವೈದ್ಯರು. ಹಡಗಿನಲ್ಲಿ 22 ಹುಡುಗರಿದ್ದರು. ಹೆಚ್ಚಿನವರಿಗೆ ಅಪ್ಪ-ಅಮ್ಮ ಇಲ್ಲ. ತೀರಾ ಚಿಕ್ಕವರಿಗೆ ಮೂರೇ ವರ್ಷ.

ಪರದೆ: ನಕ್ಷೆ. ಅದರ ಕೆಳಗೆ 22 ಬಿಳಿ ಚುಕ್ಕಿ. ಮೊದಲ ಎರಡು ಚುಕ್ಕಿ ಕೇಸರಿಯಾಗುತ್ತವೆ. ಹಡಗು ಸ್ವಲ್ಪ ಮುಂದೆ ಹೋಗುತ್ತದೆ, ಮುಂದಿನ ಎರಡು ಹೊತ್ತಿಕೊಳ್ಳುತ್ತವೆ, ಹಿಂದಿನವು ಬೂದು ಬಣ್ಣಕ್ಕೆ ಬರುತ್ತವೆ. ಹೀಗೇ ಮುಂದಕ್ಕೆ. ಪ್ರತಿ ಜೋಡಿಗೂ ಒಂದು ಸಣ್ಣ ಗಂಟೆ ಸದ್ದು, ಕಣ್ಣು ಕಾಣದವರೂ ಎಣಿಸಬಹುದು.

ನಿರೂಪಣೆ: ಇಬ್ಬರು ಹುಡುಗರಿಗೆ ಲಸಿಕೆ ಹಾಕುತ್ತಾರೆ. ಒಂಬತ್ತು ಹತ್ತು ದಿನಕ್ಕೆ ತೋಳಿನಲ್ಲಿ ಗುಳ್ಳೆ ಮಾಗುತ್ತದೆ. ಅದರ ನೀರು ತೆಗೆದು ಮುಂದಿನ ಇಬ್ಬರಿಗೆ. ಅವರಿಂದ ಇನ್ನಿಬ್ಬರಿಗೆ. ದೀಪದಿಂದ ದೀಪ ಹಚ್ಚಿದ ಹಾಗೆ. ಪ್ರತಿ ಸಲ ಇಬ್ಬರೇ ಯಾಕೆ? ಒಬ್ಬನಲ್ಲಿ ಗುಳ್ಳೆ ಏಳದಿದ್ದರೆ ಇನ್ನೊಬ್ಬನಾದರೂ ಇರಲಿ ಅಂತ. ಒಮ್ಮೆ ಲಸಿಕೆ ತಗೊಂಡ ಹುಡುಗ ಮತ್ತೆ ಈ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅಷ್ಟೊಂದು ಮಕ್ಕಳು ಬೇಕಾಗಿದ್ದರು.

(ಸಂಗೀತ ಇಲ್ಲಿ ಬೇಡ. ಗಂಟೆ ಸದ್ದು, ಹಡಗಿನ ಸದ್ದು, ಅಷ್ಟೇ.)

2:25 – 3:00

ಪರದೆ: ಹಡಗಿನ ಒಳಗೆ ರಾತ್ರಿ. ಒಂದು ಲಾಟೀನು. ಮಲಗಿದ ಮಕ್ಕಳ ನೆರಳು. ಒಬ್ಬ ಹೆಂಗಸು ನಿಧಾನವಾಗಿ ನಡೆದು ಬಂದು, ಒಂದು ಮಗುವಿನ ಕೈಯನ್ನು ಅದರ ತೋಳಿನ ಮೇಲಿಂದ ಎತ್ತಿ ಪಕ್ಕಕ್ಕೆ ಇಡುತ್ತಾಳೆ.

ನಿರೂಪಣೆ: ಇವರು ಇಸಬೆಲ್ ಸೆಂದಾಲ್. ಕೊರುನ್ಯಾದ ಅನಾಥಾಲಯ ನೋಡಿಕೊಳ್ಳುತ್ತಿದ್ದವರು. ಈ ಹಡಗಿನಲ್ಲಿ ಅವರ ಮಗ ಬೆನಿಟೊ ಕೂಡ ಇದ್ದ. ಮಕ್ಕಳು ಗುಳ್ಳೆ ಕೆರೆದುಕೊಳ್ಳಬಾರದು. ಒಬ್ಬನದು ಇನ್ನೊಬ್ಬನಿಗೆ ತಾಗಿದರೆ ಸರತಿಯೇ ತಪ್ಪುತ್ತದೆ. ಸಮುದ್ರದ ತೂಗಾಟಕ್ಕೆ ವಾಂತಿ ಮಾಡುವ, ಮನೆ ಅಂತ ಅಳುವ ಮಕ್ಕಳನ್ನು ಹಗಲು ರಾತ್ರಿ ನೋಡಿಕೊಂಡವರು ಅವರೇ.

ಪರದೆ: ಮತ್ತೆ ನಕ್ಷೆ. ಪೋರ್ಟೊ ರಿಕೊ, ಅಲ್ಲಿಂದ ವೆನಿಜುವೆಲಾ ಕಡೆಗೆ. ಎಲ್ಲ ಚುಕ್ಕಿ ಆರಿ ಒಂದೇ ಉಳಿಯುತ್ತದೆ. ಗಂಟೆ ಸದ್ದು ನಿಲ್ಲುತ್ತದೆ.

ನಿರೂಪಣೆ: ಪೋರ್ಟೊ ರಿಕೊದಲ್ಲಿ ಹೊಸ ಹುಡುಗರನ್ನು ಹತ್ತಿಸಿಕೊಂಡು ಮುಂದೆ ಹೊರಟರು. 1804ರ ಮಾರ್ಚ್‌ನಲ್ಲಿ ವೆನಿಜುವೆಲಾದ ದಡ ಸೇರಿದಾಗ ಒಬ್ಬನೇ ಒಬ್ಬ ಹುಡುಗನ ತೋಳಿನಲ್ಲಿ ಗುಳ್ಳೆ ಉಳಿದಿತ್ತು. ಒಬ್ಬನೇ.

(ಎರಡು ಸೆಕೆಂಡ್ ಮೌನ. ಆಮೇಲೆ ಆ ಒಂದು ಚುಕ್ಕಿಯಿಂದ ಇಡೀ ದಡದುದ್ದಕ್ಕೂ ಚುಕ್ಕಿಗಳು ಹೊತ್ತಿಕೊಳ್ಳಲಿ, ಗಂಟೆಗಳ ಸದ್ದು ಒಂದರ ಮೇಲೊಂದು. ಇಲ್ಲಿ ಮಾತು ಬೇಡವೇ ಬೇಡ.)

3:00 – 3:35

ಪರದೆ: ನಕ್ಷೆ ದೊಡ್ಡದಾಗುತ್ತದೆ. ಕ್ಯೂಬಾ, ಮೆಕ್ಸಿಕೊ, ಪೆಸಿಫಿಕ್ ದಾಟಿ ಮನಿಲಾ. ಕೊನೆಗೆ ಖಾಲಿ ಡೆಕ್, ಅದರ ಮೇಲೆ ಬಿದ್ದ ಒಂದು ಟೋಪಿ.

ನಿರೂಪಣೆ: ಲಸಿಕೆ ಕ್ಯೂಬಾ ಮುಟ್ಟಿತು, ಮೆಕ್ಸಿಕೊ ಮುಟ್ಟಿತು. 1805ರಲ್ಲಿ ಮೆಕ್ಸಿಕೊದ 26 ಹುಡುಗರ ತೋಳಿನಲ್ಲಿ ಪೆಸಿಫಿಕ್ ಸಮುದ್ರ ದಾಟಿ ಫಿಲಿಪೀನ್ಸ್ ಸೇರಿತು. ಈ ಮಕ್ಕಳು ಕೊಟ್ಟ ಗುಳ್ಳೆಯ ನೀರಿನಿಂದ ಎಷ್ಟೋ ಜನ ಬದುಕಿದರು. ಆದರೆ ಮೂರು ವರ್ಷದ ಮಗುವಿಗೆ ತಾನು ಎಲ್ಲಿಗೆ ಹೊರಟಿದ್ದೇನೆ ಅಂತ ಗೊತ್ತಿರುತ್ತಾ? ಒಪ್ಪಿಗೆ ಕೊಡಲು ಬರುತ್ತಾ? ಸ್ಪೇನಿನಿಂದ ಮೆಕ್ಸಿಕೊಗೆ ಬಂದ ಹುಡುಗರು ಮತ್ತೆ ಸ್ಪೇನಿಗೆ ಹೋಗಲಿಲ್ಲ. ಇವತ್ತು ಯಾರೂ ಮಕ್ಕಳನ್ನು ಹೀಗೆ ಕಳಿಸುವಂತಿಲ್ಲ.

(ಈ ಭಾಗ ಬೇಡ, ಸಂತೋಷದ ಕಥೆ ಹಾಳಾಗುತ್ತದೆ ಅಂತ ಮೊದಲ ಮೀಟಿಂಗ್‌ನಲ್ಲಿ ಮಾತು ಬಂದಿತ್ತು. ನಾನು ಬಿಡುವುದಿಲ್ಲ. ಆ ಮಕ್ಕಳನ್ನು ಬರೀ ವೀರರು ಅಂತ ಹೊಗಳಿ ಕಳಿಸಿದರೆ ಅವರಿಗೆ ಇನ್ನೊಂದು ಸಲ ಅನ್ಯಾಯ ಮಾಡಿದ ಹಾಗೆ. ಕೂತು ನೋಡುವ ಮಕ್ಕಳಿಗೂ ಇದು ಅರ್ಥವಾಗುತ್ತದೆ, ಅವರಿಗೇ ಬೇಗ ಅರ್ಥವಾಗುತ್ತದೆ. ದನಿ ಮಾತ್ರ ಗದರಿದ ಹಾಗಿರಬಾರದು, ಕೇಳಿದ ಹಾಗಿರಲಿ.)

3:35 – 4:00

ಪರದೆ: ಮತ್ತೆ ಮೊದಲಿನ ತೋಳು, ಅದೇ ಕಲೆ. ಪಕ್ಕದಲ್ಲಿ ಪುಟ್ಟ ಮಗುವಿನ ತೋಳು, ಕಲೆ ಇಲ್ಲದ್ದು.

ನಿರೂಪಣೆ: 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯ ಮೇಲೆ ಎಲ್ಲೂ ಇಲ್ಲ ಅಂತ ಘೋಷಿಸಿತು. ನಿಮ್ಮ ತೋಳಿನಲ್ಲಿ ಆ ಕಲೆ ಇಲ್ಲದಿರುವುದು ಅದಕ್ಕೇ. ಹಡಗಿನಲ್ಲಿದ್ದ ಕೆಲವರ ಹೆಸರು ಕೇಳಿ.

ಮಕ್ಕಳ ದನಿ, ಒಂದೊಂದು ಹೆಸರಿಗೆ ಒಂದೊಂದು ಮಗು. ಹೆಸರು ಪರದೆಯ ಮೇಲೆ ಕೈಬರಹದಲ್ಲಿ ಬರಲಿ:

ಪಾಸ್ಕುವಾಲ್ ಅನಿಸೆಟೊ.
ವಿಸೆಂಟೆ ಫೆರರ್.
ಕಾಂಡಿದೊ.
ಡೊಮಿಂಗೊ ನಾಯಾ.
ಆಂಡ್ರೆಸ್ ನಾಯಾ.
ಬೆನಿಟೊ ವೆಲೆಸ್.

ಪರದೆ ಆರುತ್ತದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಎತ್ತರ ಅಳೆಯುವ ಮರದ ಹಲಗೆಗೆ ಬೆಳಕು ಬೀಳುತ್ತದೆ. ಅದರ ಮೇಲೆ ಮೂರು ವರ್ಷದಿಂದ ಒಂಬತ್ತು ವರ್ಷದವರೆಗೆ ಗುರುತು, ಅಂಕಿ ಬಿಟ್ಟು ಬೇರೆ ಏನೂ ಬರೆದಿರಬಾರದು. ಮಕ್ಕಳು ಹೋಗಿ ಬೆನ್ನು ಕೊಟ್ಟು ನಿಲ್ಲುತ್ತಾರೆ. ಮುಂದಿನ ಪ್ರದರ್ಶನಕ್ಕೆ ಒಂದು ನಿಮಿಷ ಬಿಡಿ, ಅವರು ನಿಂತು ಮುಗಿಸಲಿ.