ಮೈಸೂರು ಶೈಲಿಯ ಚಿತ್ರಗಳ ಪ್ರದರ್ಶನ: ಖರ್ಚಿನ ಅಂದಾಜು

ಸ್ಥಳ: ಕಲಾಮಂದಿರದ ಸುಚಿತ್ರಾ ಕಲಾ ಗ್ಯಾಲರಿ, ಮೈಸೂರು
ದಿನ: 2026ರ ಜನವರಿ 21ರಿಂದ 25
ಇಡುವುದು: 18 ಕಲಾವಿದರ 36 ಚಿತ್ರ, ಒಂದು ದಶಾವತಾರ ಗಂಜೀಫಾ ಸೆಟ್

ಸದಸ್ಯರಿಗೆ ನಮಸ್ಕಾರ. ಗ್ಯಾಲರಿ ಬಾಡಿಗೆ, ಉದ್ಘಾಟನೆಯ ಖರ್ಚು ಇದರಲ್ಲಿ ಸೇರಿಲ್ಲ. ಅವು ಬೇರೆ ಲೆಕ್ಕ.

ಜೋಡಣೆ: ₹25,360
ಗೋಡೆಗೆ 28 ಚಿತ್ರ ಹಿಡಿಸುತ್ತವೆ. ಉಳಿದ ಎಂಟಕ್ಕೆ ಎರಡೂ ಕಡೆ ತೂಗುಹಾಕುವ 4 ಪ್ಯಾನೆಲ್, ದಿನಕ್ಕೆ ತಲಾ 450ರಂತೆ 9,000. ಸ್ಟೀಲ್ ವೈರ್ ಮತ್ತು ಕೊಕ್ಕೆ, ಚಿತ್ರಕ್ಕೆ 60ರಂತೆ 2,160. ಹೋದ ಸಲ ನೈಲಾನ್ ದಾರ ಕಟ್ಟಿ ಒಂದು ಫ್ರೇಮ್ ಬಿತ್ತು, ನೆನಪಿದೆ ಅಲ್ವಾ? ಗಂಜೀಫಾದ 120 ಎಲೆಗಳಿಗೆ ಗಾಜಿನ ಮುಚ್ಚಳದ 2 ಮೇಜು, 5,000. ಬಡಗಿ, ಎಲೆಕ್ಟ್ರಿಷಿಯನ್ ಕೂಲಿ ಎರಡು ದಿನಕ್ಕೆ 4,400.

12 ಸ್ಪಾಟ್‌ಲೈಟ್‌ಗೆ 4,800. ಇದು ಜಾಸ್ತಿ ಅಂತ ಕೆಲವರು ಹೇಳಿದರು. ಆದರೆ ಉಬ್ಬಿದ ಜೆಸ್ಸೋ ಕೆಲಸ, ಅದರ ಮೇಲಿನ ಚಿನ್ನದ ರೇಕು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಚಪ್ಪಟೆ ಕ್ಯಾಲೆಂಡರ್ ಥರ ಕಾಣುತ್ತೆ. ಎಲ್ಲಿ ಬೇಕಾದರೂ ಉಳಿಸೋಣ, ಇಲ್ಲಿ ಬೇಡ.

ವಿಮೆ: ₹6,608
ಒಟ್ಟು ಬೆಲೆ 14 ಲಕ್ಷ. ಶೇಕಡಾ 0.4ರಂತೆ ಪ್ರೀಮಿಯಂ 5,600, ಜಿಎಸ್‌ಟಿ 1,008. ಕಲಾವಿದರ ಮನೆಯಿಂದ ಹೊರಟು ಮತ್ತೆ ಮನೆ ಸೇರುವವರೆಗೂ ರಕ್ಷಣೆ ಇರುತ್ತದೆ. ಪ್ರತಿ ಕ್ಲೇಮಿನಲ್ಲೂ ಮೊದಲ 5,000 ನಮ್ಮದೇ. ಹಳೆಯ ಜೆಸ್ಸೋ ತಾನಾಗಿ ಉದುರಿದರೆ ಏನೂ ಸಿಗುವುದಿಲ್ಲ. ಅದಕ್ಕೇ ಚಿತ್ರ ತೆಗೆದುಕೊಳ್ಳುವಾಗಲೇ ಫೋಟೋ ತೆಗೆದು, ಇರುವ ಬಿರುಕು ಬರೆದುಕೊಂಡು, ಕಲಾವಿದರ ಸಹಿ ಹಾಕಿಸಬೇಕು.

ಆಹ್ವಾನ ಪತ್ರಿಕೆ: ₹3,150
200 ಪ್ರತಿ, ಕವರ್ ಸೇರಿ ತಲಾ 14. ಅಂಚೆಗೆ 70 ಮಾತ್ರ, 350 ರೂಪಾಯಿ. ಉಳಿದದ್ದು ಕೈಯಲ್ಲೇ ಕೊಡೋಣ. ಮಿಕ್ಕವರಿಗೆ ವಾಟ್ಸ್ಆ್ಯಪ್ ಸಾಕು.

ಕೈಪಿಡಿ, ಚೀಟಿ: ₹17,410
12 ಪುಟದ ಕೈಪಿಡಿ 400 ಪ್ರತಿ, ತಲಾ 32ರಂತೆ 12,800. ಚಿತ್ರಗಳ ಫೋಟೋಗ್ರಫಿ 3,500. ಇದೇ ಫೋಟೋ ವಿಮೆಗೂ ಆಗುತ್ತದೆ. ಗೋಡೆಯ ಹೆಸರಿನ ಚೀಟಿ 37, ತಲಾ 30ರಂತೆ 1,110. ಕೈಪಿಡಿಯನ್ನು ಸುಮ್ನೆ ಹಂಚಿದರೆ ಸಂಜೆಗೆ ಕುರ್ಚಿ ಮೇಲೆ ಬಿದ್ದಿರುತ್ತದೆ. 20 ರೂಪಾಯಿ ಇಡೋಣ.

ಸ್ವಯಂಸೇವಕರು: ₹6,720
ಚಿತ್ರಕಲೆ ಓದುವ 8 ಮಕ್ಕಳು, ಎರಡು ಪಾಳಿ. ಸಂಬಳ ಇಲ್ಲ. ಊಟ, ಬಸ್ಸಿಗೆ ದಿನಕ್ಕೆ ತಲಾ 150ರಂತೆ 6,000. ಬ್ಯಾಡ್ಜ್ 400, ಪ್ರಮಾಣಪತ್ರ 320. ಊಟದ ಹೊತ್ತಲ್ಲೂ ಇಬ್ಬರು ಒಳಗೇ ಇರಬೇಕು. ಚಿನ್ನ ಕಂಡರೆ ಮುಟ್ಟಿ ನೋಡುವವರು ಇದ್ದೇ ಇರುತ್ತಾರೆ.

ಒಟ್ಟು
ಮೇಲಿನದು ₹59,248. ಕೈಮೀರಿದ ಖರ್ಚಿಗೆ ₹3,000. ಎಲ್ಲಾ ಸೇರಿ ₹62,248.

ಹಣದ ಮೂಲ
ಕಲಾವಿದರಿಂದ ತಲಾ 2,500ರಂತೆ 45,000. ಒಬ್ಬ ದಾನಿ ಒಪ್ಪಿರುವುದು 10,000. ಕೈಪಿಡಿ 250 ಮಾರಾಟವಾದರೆ 5,000. ಉಳಿದ 2,248 ಹೋದ ವರ್ಷದ ಉಳಿಕೆಯಿಂದ. ಕೈಪಿಡಿಯ ಹಣ ಬರುವುದು ಪ್ರದರ್ಶನ ಶುರುವಾದ ಮೇಲೆ, ಪ್ರೆಸ್ಸಿನವರಿಗೆ ಕೊಡುವುದು ಮೊದಲೇ. ಹಾಗಾಗಿ ಕಲಾವಿದರ ಪಾಲು ಡಿಸೆಂಬರ್ 20ರೊಳಗೆ ಬರಲಿ.

ಡಿಸೆಂಬರ್ 7ರ ಭಾನುವಾರದ ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಬೇಕು.

ಖಜಾಂಚಿ